ಕಿವಿಗಷ್ಟೇ ಕೇಳಬೇಕಾದ ಮಾತು

ನಮ್ಮ ಮನೆಯಲ್ಲಿ ಫೋನು ಎರಡು. ಒಂದು ನಮ್ಮ ಮನೆಯವರದು. ಅವರು ಆಂಧ್ರದ ಗಡಿಯ ನಮ್ಮ ಆದವಾನಿಯಲ್ಲಿ, ಬೀಜ ಬಿಡಿಸುವ ಹತ್ತಿ ಜಿನ್ನಿನಲ್ಲಿ ತೂಕದ ಕೆಲಸ ನೋಡುತ್ತಾರೆ. ಆ ಫೋನು ಬೆಳಿಗ್ಗೆ ಅವರ ಜೇಬಿನಲ್ಲಿ ಹೋಗಿ ಸಂಜೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಅವರ ಜೊತೆಯೇ ಬರುತ್ತದೆ. ಇನ್ನೊಂದು ನನ್ನದು ಮತ್ತು ನಮ್ಮ ಅತ್ತೆಯದು. ಅಂದರೆ ಬೆಳಿಗ್ಗೆಯೆಲ್ಲ ಅಡುಗೆಮನೆಯ ಗೂಡಿನಲ್ಲಿ ನನ್ನದಾಗಿರುತ್ತದೆ, ಮಧ್ಯಾಹ್ನ ಊಟವಾದ ಮೇಲೆ ಅತ್ತೆಯ ಕೈಗೆ ಹೋಗುತ್ತದೆ. ಆಗ ಗೋನೆಗಂಡ್ಲದಿಂದ ನನ್ನ ನಾದಿನಿ ಫೋನು ಮಾಡುತ್ತಾಳೆ. ಅತ್ತೆಗೆ ಒಬ್ಬಳೇ ಮಗಳು. ಅವಳ ಮದುವೆಯಾಗಿ ಹದಿನೈದು ವರ್ಷವಾಯಿತು, ಎರಡು ಮಕ್ಕಳಿವೆ. ಈ ಹದಿನೈದು ವರ್ಷದಲ್ಲಿ ತಾಯಿ ಮಗಳು ಮಾತಾಡದ ದಿನಗಳನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಆ ಮಾತು ಹೋದ ವರ್ಷ ಹತ್ತಿ ಬಿಡಿಸುವ ಕಾಲದಲ್ಲಿ ನಿಂತುಹೋಗುವುದರಲ್ಲಿತ್ತು.

ಮೊದಲು ಹೇಳಿದವರು ಅತ್ತೆಯೇ. "ಆಕಿ ಮಾತು ಬಾವ್ಯಾಗಿಂದ ಬಂದಂಗ ಬರತೈತಿ" ಅಂದರು. ನಾನು ತೆಗೆದುಕೊಂಡು ಸ್ಪೀಕರ್ ಒತ್ತಿದೆ. ನಾದಿನಿಯ ದನಿ ಕೋಣೆ ತುಂಬ ಖಣಖಣ ಅಂದಿತು. "ಫೋನು ಚಲೋನ ಐತಲ್ಲ ಅತ್ತಿ" ಅಂದೆ. ಅತ್ತೆಗೆ ಎಪ್ಪತ್ತು ದಾಟಿದೆ. ಎಪ್ಪತ್ತು ದಾಟಿದವರು ಕೇಳಿಸುವುದಿಲ್ಲ ಅಂದರೆ ಯಾರೂ ಫೋನನ್ನು ಅನುಮಾನಿಸುವುದಿಲ್ಲ. ನಾನೂ ಅನುಮಾನಿಸಲಿಲ್ಲ, ಅದು ನನ್ನ ತಪ್ಪು.

ಅಂದಿನಿಂದ ನಮ್ಮ ಮನೆಯಲ್ಲಿ ಫೋನೆಂದರೆ ಸ್ಪೀಕರೇ. ನಾನೂ ಹಿಟ್ಟಿನ ಕೈಯಲ್ಲಿ ಹಿಡಿಯುವ ಗೋಜು ಬೇಡವೆಂದು ಅದನ್ನು ಒತ್ತಿ ಕಟ್ಟೆಯ ಮೇಲಿಡುವುದನ್ನೇ ರೂಢಿ ಮಾಡಿಕೊಂಡೆ. ಆದರೆ ನಮ್ಮದು ಸಾಲುಮನೆ. ನಡುವೆ ಒಂದೇ ಗೋಡೆ, ಅದರ ಮೇಲೊಂದು ಬೆಳಕಿನ ಕಿಂಡಿ. ಮೂರನೇ ದಿನಕ್ಕೇ ಪಕ್ಕದ ಮನೆಯಾಕೆ ನೀರು ಹಿಡಿಯುವಾಗ ನನ್ನನ್ನು ಕೇಳಿದಳು: "ಏನ್ರೀ, ನಿಮ್ಮ ನಾದಿನಿ ಮಾಡಿದ ಗೊಂಗೂರಾ ಬ್ಯಾಳಿ ಉಪ್ಪಾಗಿತ್ತಂತಲ್ಲ! ನನಗ ಕೇಳಿದ್ರ ಒಂದು ಆಲೂಗಡ್ಡಿ ಹಾಕು ಅಂತಿದ್ದೆ."

ನಾನು ನಕ್ಕೆ. ಅತ್ತೆ ನಗಲಿಲ್ಲ. ಅವತ್ತು ಮಧ್ಯಾಹ್ನ ಫೋನು ಬಂದಾಗ "ಉಂಡೇನವಾ? ಹುಡುಗರು ಉಂಡವಾ? ಆತು ಇಡು" ಅಂದು ಮುಗಿಸಿಬಿಟ್ಟರು. ಮರುದಿನವೂ ಅಷ್ಟೇ. ನಾನು ಕೇಳಿದ್ದಕ್ಕೆ, "ಓಣಿಯೆಲ್ಲ ಕೇಳೋ ಹಂಗ ಮಗಳ ಕೂಡ ಏನ್ ಮಾತಾಡಲಿ? ಮಾರ್ಕೆಟ್‌ನ್ಯಾಗ ಹತ್ತಿ ಸವಾಲ್ ಕೂಗೋದೇನಿದು?" ಅಂದರು.

ನಮ್ಮ ಮನೆಯವರು ಕಿವಿಗೆ ಸಿಕ್ಕಿಸುವ ವಯರು ತಂದುಕೊಟ್ಟರು. ಅತ್ತೆ ಅದನ್ನು ಮುಟ್ಟಲಿಲ್ಲ. "ದವಾಖಾನ್ಯಾಗ ಮಲಗಿದವರಿಗೆ ಹಾಕೋದು" ಅಂದರು. ಕೊನೆಗೆ ಮನೆಯವರು, "ಮುಂದಿನ ಭಾನುವಾರ ಕರ್ನೂಲಿಗೆ ಹೋಗೋಣವ್ವಾ, ಕಿವಿ ಡಾಕ್ಟರ್‌ಗೆ ತೋರಿಸೋಣ. ಸಣ್ಣ ಮಷೀನ್ ಕೊಡ್ತಾರ, ಹಾಕ್ಕೊಂಡ್ರ ಆತು" ಅಂದರು.

"ನನ್ನ ಕಿವಿಗೇನಾಗೈತೋ? ನೀ ಅಡಗಿಮನ್ಯಾಗ ಹೆಂಡತಿ ಮುಂದ ನನ್ನ ಬಗ್ಗೆ ಗುಸುಗುಸು ಅಂದಿದ್ದೆಲ್ಲ ಕೇಳೈತಿ" ಅಂದರು ಅತ್ತೆ. ಮಗ ತಲೆ ಕೆರೆದುಕೊಂಡರು. ಇಷ್ಟು ಕೇಳಿದ ಮೇಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ನನಗೆ ಹೊಳೆದದ್ದು ಬೇರೆ. ಫೋನಿನಲ್ಲಿ ಶಬ್ದದ ಪ್ರೊಫೈಲು ಎಂದು ಇರುತ್ತದಲ್ಲ, ಭಜನೆಗೆ ಹೋಗುವಾಗ ಅದನ್ನು 'ಮೀಟಿಂಗ್' ಮೇಲೆ ಇಟ್ಟಿದ್ದೆ. ತೆಗೆಯುವುದನ್ನು ಮರೆತಿದ್ದೇನೆ, ಅದಕ್ಕೇ ದನಿ ಕುಗ್ಗಿದೆ ಎಂದುಕೊಂಡು 'ಔಟ್‌ಡೋರ್' ಎಂದು ಬರೆದದ್ದರ ಮೇಲೆ ಒತ್ತಿದೆ. ಮರುದಿನ ಬೆಳಿಗ್ಗೆ ಫೋನು ಬಡಿದುಕೊಂಡಾಗ ಬೀದಿಯ ನಾಯಿಯೂ ಎದ್ದು ಬೊಗಳಿತು. ಅತ್ತೆಯ ಕಿವಿಯಲ್ಲಿ ಮಾತ್ರ ಮಗಳು ಬಾವಿಯೊಳಗೇ ಉಳಿದಳು.

ಆ ಸೋಮವಾರ ನಾನು ನಮ್ಮ ಓಣಿಯ ಈಶ್ವರನ ಗುಡಿಯಲ್ಲಿದ್ದೆ. ಮಂಗಳಾರತಿಗೆ ನಿಂತಿದ್ದೇವೆ, ಆಗ ನಾದಿನಿಯ ಫೋನು. ಬೆಳಿಗ್ಗೆ ಅವಳು ಎಂದೂ ಮಾಡುವವಳಲ್ಲ. ಗುಡಿಯಲ್ಲಿ ಸ್ಪೀಕರ್ ಒತ್ತಲಾಗುತ್ತದೆಯೇ? ಕಿವಿಗೆ ಹಿಡಿದೆ. ಇರುವೆ ಮಾತಾಡಿದ ಹಾಗೆ ಏನೋ ಕೇಳಿಸಿತು, ಅಷ್ಟೇ. ಇನ್ನಷ್ಟು ಒತ್ತಿ ಹಿಡಿದೆ. ಊಹೂಂ. ಹೊರಗೆ ಬೇವಿನ ಮರದ ಕೆಳಗೆ ಬಂದು ಸ್ಪೀಕರ್ ಹಾಕಿದೆ.

"ಅತ್ತಿಗೀ, ಸಮೀಪ ಯಾರದಾರ?" ಅಂದಳು ಮೊದಲಿಗೆ.

"ಗುಡಿ ಮುಂದದೀನಿ. ಹೂವಿನವ್ವ ಅದಾಳ. ಯಾಕ?"

ಅವಳು ದನಿ ತಗ್ಗಿಸಿದಳು. ಆಮೇಲೆ, "ಗುರುವಾರ ನಾ ದವಾಖಾನಿಗೆ ಹೋಗೋದೈತಿ. ಅಲ್ಲಿ ಒಂದು ಮಾತಿಗೆ ಹ್ಞೂಂ ಅನ್ನಬೇಕೋ ಬ್ಯಾಡೋ ಅಂತ ಅವ್ವನ ಕೇಳಬೇಕು. ಹೆಣ್ಮಕ್ಕಳ ಮಾತದು. ಎಂಟು ದಿನದಿಂದ ನೋಡ್ತೀನಿ, ಅವ್ವ ಉಂಡೇನು ಅಂತಾಳ, ಇಡ್ತಾಳ. ನನ್ನ ಮ್ಯಾಲ ಸಿಟ್ಟೇನು?" ಅಂದಳು.

"ನನಗರ ಹೇಳಬಾರದಾ?"

"ನಿನಗ ಹೇಳಿದ್ರ ನೀ ಅಣ್ಣಗ ಹೇಳ್ತಿ. ಅಣ್ಣ ನಮ್ಮ ಯಜಮಾನರಿಗೆ ಫೋನ್ ಮಾಡಿ ಜಗಳ ತೆಗಿತಾನ. ಬ್ಯಾಡ. ಅವ್ವನ ಕಿವ್ಯಾಗ ಹೇಳೋದೈತಿ. ಬರೋಣ ಅಂದ್ರ ಹತ್ತಿ ಬಿಡಿಸೋ ಆಳುಗಳನ್ನ ಬಿಟ್ಟು ಹೊರಡೋಕಾಗವಲ್ದು."

ಅವಳು ಹೇಳಿದ್ದು ಖರೆ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. "ಮಧ್ಯಾಹ್ನ ಮೂರಕ್ಕ ಮಾಡು. ನಿಮ್ಮವ್ವ ಕಿವಿಗಿಟ್ಟುಕೊಂಡು ಮಾತಾಡ್ತಾರ, ಸ್ಪೀಕರ್ ಇರೂದಿಲ್ಲ" ಅಂದುಬಿಟ್ಟೆ. ಹೇಗೆ ಎಂದು ಗೊತ್ತಿರಲಿಲ್ಲ. ಆದರೆ ಒಂದು ಗೊತ್ತಾಗಿತ್ತು. ನನಗೆ ನಲವತ್ತಾರು, ಹಾಲು ಉಕ್ಕುವ ಮೊದಲು ಬರುವ ಸಪ್ಪಳ ಹಿತ್ತಲಲ್ಲಿದ್ದರೂ ನನಗೆ ಕೇಳುತ್ತದೆ. ನನಗೂ ಕೇಳಿಸಲಿಲ್ಲವೆಂದರೆ ಕೆಟ್ಟದ್ದು ಅತ್ತೆಯ ಕಿವಿಯಲ್ಲ. ಒಳಗೆ ಹೋಗಿ ಈಶ್ವರನಿಗೆ ಕೈಮುಗಿದೆ. ಸ್ಪೀಕರ್ ಹಾಕಲಾಗದ ಜಾಗದಲ್ಲಿ ನನ್ನನ್ನು ನಿಲ್ಲಿಸಿ ತೋರಿಸಿದನಲ್ಲ, ಅದೇ ದೊಡ್ಡದು.

ಮನೆಗೆ ಬಂದು ಹೇಳಿದ ಕೂಡಲೇ ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು. "ನಾನೂ ಬರ್ತೀನಿ. ನನ್ನ ಕಿವಿ ಮ್ಯಾಲ ಬಂದ ಮಾತು, ನನ್ನ ಎದುರಿಗೇ ತೀರ್ಮಾನ ಆಗಲಿ."

ಬಸ್‌ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಫೋನು ರಿಪೇರಿಯ ಸಣ್ಣ ಅಂಗಡಿಯೊಂದಿದೆ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು. ಅಂಗಡಿಯವನು ಮೂವತ್ತೈದರ ಆಸುಪಾಸಿನವನು, ತೆಲುಗು ಬೆರೆಸಿ ಮಾತಾಡುವವನು, ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡಿದ್ದ. "ಬರ್ರಿ ಬರ್ರಿ, ಕೂಡ್ರಿ ಅಮ್ಮಾ. ಏನಾತು?" ಅಂದ.

"ನನಗ ಕಿವುಡು ಅಂತಾರಪ್ಪಾ. ನೋಡಿ ಹೇಳು" ಅಂದರು ಅತ್ತೆ.

"ಅರೆ, ನಾ ಫೋನ್ ಡಾಕ್ಟ್ರು ಅಮ್ಮಾ, ಕಿವಿ ಡಾಕ್ಟ್ರಲ್ಲ!"

"ಫೋನಿಂದನ ಬಂದೈತಿ ಇದು."

ಅವನು ನಕ್ಕು ತನ್ನದೊಂದು ಫೋನನ್ನು ಅತ್ತೆಯ ಕಿವಿಗೆ ಕೊಟ್ಟ. ಇನ್ನೊಂದನ್ನು ಹಿಡಿದು ಸಂದಿಯ ಆ ತುದಿಗೆ, ಕಬ್ಬಿನ ಹಾಲಿನ ಗಾಡಿಯ ಆಚೆ ಹೋಗಿ ಮಾತಾಡಿದ. ಅತ್ತೆಯ ಮುಖ ಅರಳಿತು. "ಬಾಳ ಕೂಗಬ್ಯಾಡ ತಮ್ಮಾ, ಚಲೋ ಕೇಳತೈತಿ! ಕಬ್ಬಿನ ಗಾಡಿ ಗೆಜ್ಜಿನೂ ಕೇಳತೈತಿ!" ಎಂದು ಸಂದಿಯಲ್ಲಿದ್ದವರೆಲ್ಲ ತಿರುಗುವಂತೆ ಹೇಳಿದರು. ಹೇಳಿ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಭಾನುವಾರದ ಕರ್ನೂಲು ಅಲ್ಲಿಗೇ ತಪ್ಪಿತು.

ಆಮೇಲೆ ಅವನು ನಮ್ಮ ಫೋನು ತೆಗೆದುಕೊಂಡ. ಅದರಿಂದ ತನ್ನ ಇನ್ನೊಂದು ಫೋನಿಗೆ ಕರೆ ಮಾಡಿ, ನಡುವೆ ಪಕ್ಕದ ಗುಂಡಿ ಒತ್ತಿದ. ಪರದೆಯ ಮೇಲೆ ಒಂದು ಪಟ್ಟಿ ಮೂಡಿತು. ಅದರಲ್ಲಿ ತುಂಬಿದ್ದದ್ದು ಉಗುರಿನಷ್ಟು.

"ಇದಿ ಚೂಡಂಡಿ, ಇಲ್ಲಿ ನೋಡ್ರಿ. ಕಾಲ್ ವಾಲ್ಯೂಮ್ ತಳದಾಗ ಕುಂತೈತಿ."

"ಇಲ್ಲಪ್ಪಾ, ನಾ ದಿನಾ ಪೂರಾ ಏರಿಸ್ತೀನಿ" ಅಂದೆ.

"ಸ್ಪೀಕರ್ ಹಾಕ್ಕೊಂಡು ಏರಿಸ್ತೀರಿ ಅಲ್ಲಾ? ಅದು ಸ್ಪೀಕರ್‌ಗೆ ಅಷ್ಟೇ ಏರತೈತಿ ಅಮ್ಮಾ. ಕಿವಿ ಕಡೀದು ಬ್ಯಾರೆ ನೆನಪಿಟ್ಟುಕೊಳ್ತೈತಿ. ಕಿವಿಗೆ ಹಿಡಿದು ಮಾತಾಡುವಾಗಲೇ ಇದನ್ನ ಒತ್ತಬೇಕು."

"ಹಂಗಾರ ಅದನ್ನ ಇಳಿಸಿದವರು ಯಾರು?"

ಅವನು ಫೋನನ್ನು ಅತ್ತೆಗೆ ಕೊಟ್ಟು, "ಅವ್ವಾ, ನೀವು ಮಾತಾಡೋ ಹಂಗ ಹಿಡೀರಿ" ಅಂದ. ಅತ್ತೆ ಹಿಡಿದರು. ಒಲೆಗೆ ಊದುವ ಕೊಳವೆ ಹಿಡಿಯುವ ಹಾಗೆ, ಬಿಗಿ ಮುಷ್ಟಿಯಲ್ಲಿ. ಹೆಬ್ಬೆರಳು ನೆಟ್ಟಗೆ ದನಿ ಇಳಿಸುವ ಗುಂಡಿಯ ಮೇಲೆ.

"ಮಗಳು ಕೈ ಜಾರಿ ಹೋಗ್ತಾಳ ಅಂತ ಹಿಡಿದೀರಲ್ಲ!" ಅಂದ. ಅತ್ತೆ ಮುಷ್ಟಿ ಸಡಿಲಿಸಿ ನೋಡಿಕೊಂಡರು.

ದನಿ ಪೂರಾ ಏರಿಸಿ ನನ್ನ ಕಿವಿಗೆ ಕೊಟ್ಟ. ಮೊದಲಿಗಿಂತ ವಾಸಿ. ಆದರೂ ಕಂಬಳಿ ಹೊದ್ದವರು ಒಳಗಿನಿಂದ ಮಾತಾಡಿದ ಹಾಗಿತ್ತು. ಅದನ್ನೇ ಹೇಳಿದೆ. "ಔನು, ಇನ್ನೂ ಏನೋ ಐತಿ" ಎಂದು ಭೂತಗನ್ನಡಿ ಇಳಿಸಿಕೊಂಡು ಟಾರ್ಚ್ ಬಿಟ್ಟ. "ಈ ಗ್ಲಾಸ್ ಎಲ್ಲಿ ಹಾಕಿಸಿದ್ರಿ?"

ಪರದೆಯ ಮೇಲೆ ಅಂಟಿಸುವ ಹಳೆಯ ಗಾಜು ಒಡೆದಾಗ ಮಾರ್ಕೆಟ್ ಹತ್ತಿರ ತಳ್ಳುಗಾಡಿಯಲ್ಲಿ ಹಾಕಿಸಿದ್ದೆ. "ಇದೇ ಫೋನಿಂದು ಇಲ್ಲ, ಇದರ ತಮ್ಮಂದು ಐತಿ, ನಡೀತೈತಿ" ಎಂದು ಆ ಗಾಡಿಯವನು ಅಂಟಿಸಿದ್ದ. ನಡೆದಿರಲಿಲ್ಲ. ಫೋನಿನ ನೆತ್ತಿಯಲ್ಲಿ ಕೂದಲೆಳೆಯಂಥ ಒಂದು ಸೀಳು ಇರುತ್ತದೆ, ದನಿ ಬರುವುದು ಅಲ್ಲಿಂದ. ಈ ಗಾಜಿನ ಕಿಂಡಿ ಒಂದಿಷ್ಟು ಕೆಳಗೆ ಇದ್ದುದರಿಂದ ಆ ಸೀಳಿನ ಮುಕ್ಕಾಲು ಭಾಗ ಗಾಜಿನ ಅಡಿಗೆ ಸೇರಿತ್ತು. ಅಂಗಡಿಯವನು ತೆಳ್ಳನೆಯ ಪ್ಲಾಸ್ಟಿಕ್ ಚೂರನ್ನು ಮೂಲೆಯಿಂದ ತೂರಿಸಿ ಮೆಲ್ಲಗೆ ಗಾಜು ಎಬ್ಬಿಸಿದ. ಎಬ್ಬಿಸಿದವನು ಹಾಗೇ ನಿಂತ. ಆಮೇಲೆ ಭುಜ ಕುಣಿಯುವಂತೆ ನಗಲು ಶುರುಮಾಡಿದ.

"ಅಮ್ಮಾ, ಈ ಫೋನಿಗೆ ಪೂಜಾ ಮಾಡ್ತೀರೇನು?"

ಮಾಡುತ್ತೇನೆ. ಪ್ರತಿ ಅಮಾವಾಸ್ಯೆ ಮಾಡುತ್ತೇನೆ. ಜಿನ್ನಿನಲ್ಲಿ ಅಂದು ಮಷೀನುಗಳನ್ನೆಲ್ಲ ತೊಳೆದು ಬಳಿದು ಕಾಯಿ ಒಡೆಯುತ್ತಾರೆ. ಅದರಿಂದಲೇ ನಮ್ಮ ಅನ್ನ, ಹಾಗಾಗಿ ಮನೆಯಲ್ಲಿ ನಾನೂ ಗ್ಯಾಸಿನ ಒಲೆ, ಮಿಕ್ಸಿ, ಗಾಡಿ ಎಲ್ಲಕ್ಕೂ ಗಂಧ ಕುಂಕುಮ ಇಡುತ್ತೇನೆ. ಫೋನಿಗೂ. ಯಾವುದಕ್ಕಾದರೂ ಕುಂಕುಮ ಇಡುವುದು ಹಣೆಗಲ್ಲವೇ? ಫೋನಿನ ಹಣೆ ಎಂದರೆ ಮೇಲೆ, ನಡುವೆ. ತೇಯ್ದ ಹಸಿ ಗಂಧದ ಬೊಟ್ಟು, ಅದರ ಮೇಲೆ ಕುಂಕುಮ, ಹೆಬ್ಬೆರಳಿನಿಂದ ಒಂದು ಒತ್ತು. ಮರುದಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಒರೆಸಿದೆನೆಂದು ಸಮಾಧಾನ.

"ಕರೆಕ್ಟಾಗಿ ಬಾಯಿ ಮ್ಯಾಲ ಇಟ್ಟೀರಿ" ಅಂದ. ಭೂತಗನ್ನಡಿಯಲ್ಲಿ ತೋರಿಸಿದ. ಸೀಳಿನೊಳಗಿನ ಸಣ್ಣ ಜಾಲರಿ ಪೂರಾ ಕೆಂಪಗೆ ಗಟ್ಟಿಯಾಗಿ ಕುಳಿತಿತ್ತು, ಅದರ ಮೇಲೆ ಹತ್ತಿಯ ಧೂಳು. ಆದವಾನಿಯಲ್ಲಿ ಹತ್ತಿಯ ಧೂಳು ಇಲ್ಲದ ಸಂದು ಯಾವುದಿದೆ?

"ಏನಾತು?" ಎಂದು ಅತ್ತೆ ಬಗ್ಗಿ ನೋಡಿದರು. ನೋಡಿ ನನ್ನ ಕಡೆ ತಿರುಗಿದರು. "ಅಲ್ಲವಾ, ನಿನ್ನ ಭಕ್ತಿ ನನ್ನ ಮಗಳ ಬಾಯಿಗೆ ಮೆತ್ತಿದ್ದೆಯಾ! ಮ್ಯಾಲ ನನಗ ಕಿವುಡಿ ಅಂದ್ರಿ!"

ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಸೆರಗಿನ ಪಿನ್ನು ತೆಗೆದು, "ಕೊಡಪ್ಪಾ, ನಾನೇ ಕೆದರಿ ತೆಗಿತೀನಿ" ಅಂದೆ. ಅವನು ಫೋನನ್ನು ಎದೆಗೆ ಅವಚಿಕೊಂಡ. "ಬ್ಯಾಡ್ರಿ, ಬ್ಯಾಡ್ರಿ! ಪಿನ್ನು ಚುಚ್ಚಿದ್ರ ಜಾಲರಿ ಹರೀತೈತಿ, ಒಳಗಿನ ಪರದೆ ತೂತು ಬೀಳತೈತಿ. ಬಾಯಿಲೆ ಊದಲೂಬಾರದು, ಉಗುಳಿನ ಹಸಿ ಹೋಗತೈತಿ."

ಫೋನು ಆರಿಸಿ, ಸೀಳು ಕೆಳಮುಖವಾಗುವಂತೆ ಹಿಡಿದು, ಮೆತ್ತನೆಯ ಒಣ ಬ್ರಶ್ಶಿನಿಂದ ಮೆಲ್ಲಗೆ ತಿಕ್ಕಿದ. ಹಾಗೆ ಹಿಡಿದರೆ ಉದುರಿದ್ದು ಒಳಗೆ ಹೋಗದೆ ಹೊರಗೆ ಬೀಳುತ್ತದಂತೆ. ಮೇಜಿನ ಮೇಲಿನ ಬಿಳಿ ಕಾಗದದ ಮೇಲೆ ಕೆಂಪು ಪುಡಿ ಉದುರಿತು. ಗಂಧದೊಡನೆ ಒಣಗಿ ಅಂಟಿದ್ದು ಬರಲಿಲ್ಲ. ಬ್ರಶ್ಶಿನ ತುದಿಗೆ ಬೇಗ ಆರಿಹೋಗುವ ಸ್ಪಿರಿಟ್ಟನ್ನು ಸೋಕಿಸಿ, ಬಟ್ಟೆಗೆ ಒತ್ತಿ ಹೆಚ್ಚಿನದನ್ನು ತೆಗೆದು, ಮತ್ತೆ ತಿಕ್ಕಿದ. ಆಮೇಲೆ ಜಿಗುಟಾದ ಮೇಣದಂಥದ್ದನ್ನು ಮೇಲಿಂದ ಒತ್ತಿ ಎತ್ತಿದ. ಉಳಿದ ಚೂರುಪಾರು ಅದಕ್ಕೆ ಅಂಟಿಕೊಂಡು ಬಂದವು. ಸ್ವಲ್ಪ ಹೊತ್ತು ಆರಲು ಬಿಟ್ಟು, ಈ ಫೋನಿಗೇ ಮಾಡಿದ ಗಾಜನ್ನು, ಅದರ ಕಿಂಡಿ ಸೀಳಿಗೆ ಸರಿಯಾಗಿ ಬರುವಂತೆ ನೋಡಿ ಅಂಟಿಸಿದ.

'ಔಟ್‌ಡೋರ್' ಎಂದಿದ್ದನ್ನೂ ನೋಡಿದ. "ಇದ್ಯಾಕ? ಗುಡುಗು ಬಡಿದಂಗ ರಿಂಗಾಗತೈತಿ. ಪ್ರೊಫೈಲ್ ರಿಂಗಿಗೆ ಅಷ್ಟೇ ಅಮ್ಮಾ, ಮಾತಿನ ದನಿಗಲ್ಲ" ಎಂದು 'ಜನರಲ್'ಗೆ ತಂದ. ನಮ್ಮ ಬೀದಿಯ ನಾಯಿಯ ಪುಣ್ಯ.

ಮತ್ತೆ ಅವನು ಕಬ್ಬಿನ ಗಾಡಿಯ ಆಚೆ ಹೋದ. ಅತ್ತೆ ಫೋನನ್ನು ಈ ಸಲ ಎರಡು ಬೆರಳಲ್ಲಿ, ಮುತ್ತೈದೆಗೆ ಹೂವು ಕೊಡುವ ಹಾಗೆ ಹಿಡಿದಿದ್ದರು. ಕೇಳಿದರು. "ಆತಪ್ಪಾ, ಆತು. ಇನ್ನ ಬಾ ಒಳಗ" ಅಂದರು. ನನಗೆ ಪಕ್ಕದಲ್ಲಿ ನಿಂತರೂ ಅವನ ಒಂದು ಮಾತೂ ಕೇಳಿಸಲಿಲ್ಲ. ಅಷ್ಟು ಸಂತೋಷ ನನಗೆ ಆ ವಾರದಲ್ಲಿ ಆಗಿರಲಿಲ್ಲ.

ಬರುವಾಗ ಆಟೋದಲ್ಲಿ ಯೋಚಿಸಿದೆ. ಪೂಜೆ ಬಿಡುವುದಿಲ್ಲ. ಈಗ ಬೊಟ್ಟನ್ನು ಫೋನಿನ ಬೆನ್ನಿಗಿರುವ ಕವರಿನ ಮೇಲೆ ಇಡುತ್ತೇನೆ, ಕ್ಯಾಮರಾ ತಪ್ಪಿಸಿ, ಅದೂ ಒಣ ಕುಂಕುಮ. ದೇವರು ಹಣೆಗೇ ಆಗಬೇಕೆಂದು ಹಟ ಹಿಡಿಯುವವನಲ್ಲ.

ಮೂರಕ್ಕೆ ಸರಿಯಾಗಿ ಫೋನು ಬಂತು. ಅತ್ತೆ ಅದನ್ನು ತೆಗೆದುಕೊಂಡು ಹಿತ್ತಲಿನ ಕಲ್ಲಿನ ಮೇಲೆ ಕೂತರು. ನಾನು ಅಡುಗೆಮನೆಯಲ್ಲಿ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಕೇಳುತ್ತಿದ್ದದ್ದು ಅತ್ತೆಯ ದನಿ ಮಾತ್ರ. "ಹ್ಞೂಂ." ಬಹಳ ಹೊತ್ತಿನ ಮೇಲೆ ಇನ್ನೊಂದು "ಹ್ಞೂಂ." ಆಮೇಲೆ "ಅಳಬ್ಯಾಡ." ಆಮೇಲೆ, "ಯಾರು ಹೇಳಿದ್ರು? ಒಬ್ಬರೇ ನೋಡ್ಯಾರೇನು?" ಕೊನೆಗೆ ಗಟ್ಟಿಯಾಗಿ, "ಸಹಿ ಹಾಕಬ್ಯಾಡ. ನಾ ಬರೂತನಕ ಯಾವುದಕ್ಕೂ ಹ್ಞೂಂ ಅನಬ್ಯಾಡ."

ಒಳಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡರು. ಅವರೇ ಹೇಳಿದರು. ನಾದಿನಿಗೆ ನಾಲ್ಕು ತಿಂಗಳಿಂದ ತಿಂಗಳ ಮುಟ್ಟು ನಿಲ್ಲುತ್ತಿರಲಿಲ್ಲ, ರಕ್ತ ಹೋಗಿ ಹೋಗಿ ಸೋತುಹೋಗಿದ್ದಳು. ತೋರಿಸಿದ ಕಡೆ ಗರ್ಭಕೋಶ ತೆಗೆದುಬಿಡೋಣ, ಗುರುವಾರ ಬಂದು ಮಲಗು ಅಂದಿದ್ದರು. ಅವಳಿಗೆ ಮೂವತ್ತೇಳು.

"ನಿನ್ನ ಗಂಡಗ ಹೊಟ್ಟಿ ನೋವು ಅಂತ ಅಷ್ಟೇ ಹೇಳು" ಅಂದರು ಅತ್ತೆ. ಆ ಒಂದು ಸಲ ನನ್ನ ಹೊಟ್ಟೆಯಲ್ಲಿ ಮಾತು ನಿಂತಿತು. ನಾದಿನಿಯೇ ತಿಂಗಳಾದ ಮೇಲೆ ಅಣ್ಣನಿಗೆ ಹೇಳಿದಳು. ಇದನ್ನು ಬರೆಯಲು ನನಗೆ ಒಪ್ಪಿಗೆ ಕೊಟ್ಟವಳೂ ಅವಳೇ. "ನನ್ನಂಗ ಇನ್ನೊಬ್ಬಾಕಿ ಓದ್ಲಿ" ಅಂದಳು.

ಮಂಗಳವಾರ ಬೆಳಗಿನ ಬಸ್ಸಿಗೆ ಅತ್ತೆ ಒಬ್ಬರೇ ಹೊರಟರು. ಎಮ್ಮಿಗನೂರಿನಲ್ಲಿ ಬಸ್ಸು ಬದಲಿಸಿ ಗೋನೆಗಂಡ್ಲಕ್ಕೆ ಹೋಗಿ, ಅಳಿಯನ ಹತ್ತಿರ ಮಾತಾಡಿ, ಸಂಜೆಗೆ ಮಗಳನ್ನು ಕರೆದುಕೊಂಡು ಬಂದರು. ಬುಧವಾರ ನಾನು ಅವಳನ್ನು ಇಲ್ಲಿಯ ಒಬ್ಬ ಲೇಡಿ ಡಾಕ್ಟರಿಗೆ ತೋರಿಸಿದೆ. ಅವರು ಸ್ಕ್ಯಾನ್ ಮಾಡಿಸಿ, ರಕ್ತ ನೋಡಿ, ಒಂದು ಸಣ್ಣ ಗಡ್ಡೆ ಇದೆ, ಅಂಜುವಂಥದ್ದಲ್ಲ, ಮೊದಲು ಮಾತ್ರೆ ಕೊಟ್ಟು ನೋಡೋಣ, ರಕ್ತ ಹೆಚ್ಚಲು ಇಂಥಿಂಥದ್ದು ತಿನ್ನು, ಮೂರು ತಿಂಗಳಿಗೆ ಬಾ ಎಂದರು. ಈಗ ಆ ಮೂರು ತಿಂಗಳೂ ಕಳೆದು ಇನ್ನೊಂದು ಮೂರು ನಡೆಯುತ್ತಿದೆ. ಅವಳ ಮುಖಕ್ಕೆ ಬಣ್ಣ ಬಂದಿದೆ.

ದೇವರು ದೊಡ್ಡ ವರಗಳನ್ನು ನನಗೆ ಕೊಟ್ಟಿಲ್ಲ, ನಾನು ಕೇಳಿಯೂ ಇಲ್ಲ. ಸಣ್ಣವನ್ನು ಮಾತ್ರ ದಿನಾ ದೀಪದ ಮುಂದೆ ಕೂತು ನೆನೆಯುತ್ತೇನೆ. ಅವುಗಳಲ್ಲಿ ಆ ಗುರುವಾರದ ಮಧ್ಯಾಹ್ನವೂ ಒಂದು. ಆಪರೇಷನ್ನಿಗೆ ಕೊಟ್ಟಿದ್ದ ಹೊತ್ತಿಗೆ ನಾದಿನಿ ನಮ್ಮ ಪಡಸಾಲೆಯಲ್ಲಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಅತ್ತೆ ಅವಳ ಕೂದಲು ಬಿಡಿಸುತ್ತ ಏನೋ ಹೇಳುತ್ತಿದ್ದರು. ಬಾಗಿಲಲ್ಲಿ ನಿಂತ ನನಗೆ ಏನೆಂದು ಕೇಳಿಸಲಿಲ್ಲ. ನಾನು ಇನ್ನೆರಡು ರೊಟ್ಟಿ ಹೆಚ್ಚಿಗೆ ಬಡಿಯಲು ಒಳಗೆ ಹೋದೆ.